ಬ್ಲಾಕ್ ಲೆನ್ಸು, ಜೂಮು ಮತ್ತು ನಿಲ್ಲುವ ಜಾಗ

ಪ್ರೈಮ್ ಲೆನ್ಸಿಗೆ ಇರುವುದು ಒಂದೇ ಫೋಕಲ್ ಲೆಂಗ್ತ್. 35 ಎಂಎಂ ಎಂದರೆ 35 ಎಂಎಂ, ಅಷ್ಟೇ. ಚೌಕಟ್ಟಿನಲ್ಲಿ ಮುಖ ದೊಡ್ಡದಾಗಿ ಕಾಣಬೇಕಾದರೆ ಕ್ಯಾಮೆರಾ ಹಿಡಿದವರೇ ಎರಡು ಹೆಜ್ಜೆ ಮುಂದೆ ಹೋಗಬೇಕು. ಜೂಮ್ ಲೆನ್ಸಿನಲ್ಲಿ ಆ ಕೆಲಸವನ್ನು ಒಂದು ಉಂಗುರ ಮಾಡುತ್ತದೆ. ಇಲ್ಲಿನ ಚಿತ್ರರಂಗದಲ್ಲಿ ಪ್ರೈಮ್ ಎನ್ನುವುದಕ್ಕಿಂತ ‘ಬ್ಲಾಕ್ ಲೆನ್ಸ್’ ಎನ್ನುವ ಮಾತೇ ಹೆಚ್ಚು ಓಡಾಡುತ್ತಿತ್ತು. ಕಥಾಚಿತ್ರದವರಿಗೆ ಬ್ಲಾಕೋ ಜೂಮೋ ಎಂಬುದು ಬಹುಮಟ್ಟಿಗೆ ಬಿಂಬದ ಗುಣದ ಪ್ರಶ್ನೆ. ಅಲ್ಲಿ ನಟರು ಕಾಯುತ್ತಾರೆ, ಲೆನ್ಸ್ ಬದಲಾಯಿಸುವಷ್ಟು ಹೊತ್ತು ಇಡೀ ಸೆಟ್ಟೇ ಕಾಯುತ್ತದೆ. ಸಾಕ್ಷ್ಯಚಿತ್ರದಲ್ಲಿ ಕಾಯುವವರು ಯಾರೂ ಇಲ್ಲ. ಆದ್ದರಿಂದ ಅಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದು ಲೆನ್ಸ್ ಎಷ್ಟು ಚೂಪು ಎಂದಲ್ಲ. ಘಟನೆ ನಡೆಯುವಾಗ ಛಾಯಾಗ್ರಾಹಕ ಎಲ್ಲಿ ನಿಲ್ಲಬಲ್ಲ, ಅಲ್ಲಿಂದ ಅಲುಗಾಡಬಲ್ಲನೇ ಎಂದು.

16 ಎಂಎಂ ಫಿಲ್ಮಿನ ಕಾಲದಲ್ಲಿ ಕೆಲಸ ಕಲಿತವರ ನೆನಪಿನಲ್ಲಿ ಈ ಪ್ರಶ್ನೆಗೆ ಒಂದು ಇತಿಹಾಸವೇ ಇದೆ. ಬೋಲೆಕ್ಸ್, ಆರಿಫ್ಲೆಕ್ಸ್‌ನಂಥ ಕ್ಯಾಮೆರಾಗಳ ಮುಂಭಾಗದಲ್ಲಿ ತಿರುಗುವ ತಟ್ಟೆಯೊಂದಿತ್ತು, ಅದರ ಮೇಲೆ ಮೂರು ಬ್ಲಾಕ್ ಲೆನ್ಸ್‌ಗಳು. ಅಗಲದ್ದು ಒಂದು, ನಡುವಿನದು ಒಂದು, ದೂರದ್ದು ಒಂದು. ಶಾಟ್ ಓಡುತ್ತಿರುವಾಗ ತಟ್ಟೆ ತಿರುಗಿಸಿದರೆ ಆ ಕ್ಷಣದ ಫಿಲ್ಮು ಹಾಳು. ನಿಲ್ಲಿಸಿ, ತಿರುಗಿಸಿ, ಮತ್ತೆ ಫೋಕಸ್ ಮಾಡುವುದರೊಳಗೆ ಮಾತು ಮುಗಿದಿರುತ್ತಿತ್ತು. 1960ರ ದಶಕದಲ್ಲಿ ಫ್ರಾನ್ಸಿನ ಆಂಜೆನಿಯು ಕಂಪನಿಯ 12ರಿಂದ 120 ಎಂಎಂವರೆಗಿನ ಜೂಮ್ ಬಂದದ್ದು ಈ ಕಾರಣಕ್ಕೇ ದೊಡ್ಡ ಸಂಗತಿಯಾಯಿತು. ಹತ್ತು ಪಟ್ಟು ವ್ಯಾಪ್ತಿಯ ಆ ಜೂಮಿಗಾಗಿ ಪಿಯೆರ್ ಆಂಜೆನಿಯು ಅವರಿಗೆ ಅಮೆರಿಕದ ಮೋಷನ್ ಪಿಕ್ಚರ್ ಅಕಾಡೆಮಿ 1964ರ ಸಾಲಿನ ತಾಂತ್ರಿಕ ಪ್ರಶಸ್ತಿ ಕೊಟ್ಟಿತು. ಸುಮಾರು 11 ನಿಮಿಷ ಓಡುವ 400 ಅಡಿಯ ಒಂದು ರೀಲನ್ನು ನಿಲ್ಲಿಸದೆ ತೆಗೆಯಲು, ಒಂದೇ ಶಾಟಿನೊಳಗೆ ಕೋಣೆಯ ಪೂರ್ತಿ ನೋಟದಿಂದ ಒಬ್ಬರ ಬೆರಳಿಗೆ ಹೋಗಲು ಆಗ ಸಾಧ್ಯವಾಯಿತು.

ಆದರೆ ಆ ಜೂಮು ಬರುವ ಹೊತ್ತಿಗಾಗಲೇ ಎದುರುವಾದವೂ ತೆರೆಯ ಮೇಲಿತ್ತು. 1960ರ ‘ಪ್ರೈಮರಿ’ ಚಿತ್ರದಲ್ಲಿ ಜಾನ್ ಕೆನಡಿ ಮಿಲ್ವಾಕಿಯ ಸಭಾಂಗಣಕ್ಕೆ ಜನಸಂದಣಿಯ ನಡುವೆ ನುಗ್ಗಿ ಹೋಗುವ ಶಾಟ್ ಒಂದಿದೆ. ಆಲ್ಬರ್ಟ್ ಮೇಸಲ್ಸ್ ಕ್ಯಾಮೆರಾವನ್ನು ತಲೆಯ ಮೇಲಕ್ಕೆತ್ತಿ, ತುಂಬ ಅಗಲ ಕೋನದ ಲೆನ್ಸಿನಲ್ಲಿ ಕೆನಡಿಯ ಬೆನ್ನ ಹಿಂದೆಯೇ ನಡೆದು ಅದನ್ನು ತೆಗೆದರು. ಕಣ್ಣು ವ್ಯೂಫೈಂಡರಿನಲ್ಲಿಲ್ಲ, ಕೈ ಫೋಕಸ್ಸಿನ ಮೇಲಿಲ್ಲ. ಅಷ್ಟು ಅಗಲದ ಲೆನ್ಸಿನಲ್ಲಿ ಒಂದು ಗಜದಾಚೆಗಿನದೆಲ್ಲ ಹೆಚ್ಚುಕಡಿಮೆ ಸ್ಪಷ್ಟವಾಗಿಯೇ ಇರುವುದರಿಂದ ಅದು ನಡೆಯಿತು. ದೂರದ ಬಾಲ್ಕನಿಯಿಂದ ಜೂಮಿನಲ್ಲಿ ಅದೇ ನಡಿಗೆಯನ್ನು ತೆಗೆಯಬಹುದಿತ್ತು, ಆದರೆ ನೋಡುವವರ ಮೈಗೆ ಆ ನೂಕುನುಗ್ಗಲು ತಾಗುತ್ತಿರಲಿಲ್ಲ.

ಫ್ರೆಂಚ್ ಮಾನವಶಾಸ್ತ್ರಜ್ಞ, ಚಿತ್ರಕರ್ತ ಜ್ಯಾ ರೂಶ್ ಇದನ್ನು ಒಂದು ಪಂಥವನ್ನಾಗಿಯೇ ಮಾಡಿದರು. ಜೂಮ್ ಹಿಡಿದವನು ಎತ್ತರದಲ್ಲೆಲ್ಲೋ ಕೂತು ಇಣುಕುವವನಾಗುತ್ತಾನೆ, ಕ್ಯಾಮೆರಾದವನು ಜನರ ನಡುವೆ ನಡೆಯಬೇಕು ಎಂಬುದು ಅವರ ವಾದ. 1971ರಲ್ಲಿ ನೈಜರ್ ದೇಶದ ಸಿಮಿರಿ ಗ್ರಾಮದಲ್ಲಿ ಅವರು ತೆಗೆದ ‘ತುರೂ ಮತ್ತು ಬಿತ್ತಿ’ ಬಹುಪಾಲು ಒಂದೇ ಉದ್ದದ ಶಾಟು. ಅಂದಿನ ಆವೇಶದ ಆಚರಣೆಯಲ್ಲಿ ಡೊಳ್ಳು ಬಾರಿಸುತ್ತಲೇ ಇದ್ದರೂ ಮೈಮೇಲೆ ಬರುವುದು ಆಗುತ್ತಿರಲಿಲ್ಲ. ಅವರು ಕ್ಯಾಮೆರಾ ಹಿಡಿದು ವಾದ್ಯಗಾರರ ಹತ್ತಿರಕ್ಕೆ ಹೋದರು, ಬಾರಿಸುವವರು ನಿಲ್ಲಿಸಲಿಲ್ಲ, ಆವೇಶ ಬಂತು. ತನ್ನ ಕ್ಯಾಮೆರಾ ಹತ್ತಿರವಿದ್ದದ್ದೂ ಅದಕ್ಕೆ ಕಾರಣವಾಗಿರಬಹುದು ಎಂದು ರೂಶ್ ಅವರೇ ಹೇಳಿಕೊಂಡಿದ್ದಾರೆ. ಬ್ಲಾಕ್ ಲೆನ್ಸಿನ ಬಗ್ಗೆ ಹೇಳುವ ಎಲ್ಲ ಹೊಗಳಿಕೆಯ ಜೊತೆಗೆ ಈ ಮಾತನ್ನೂ ಇಟ್ಟುಕೊಳ್ಳಬೇಕು. ಹತ್ತಿರ ಹೋಗುವ ಲೆನ್ಸು ನಡೆಯುವುದನ್ನು ಬದಲಾಯಿಸಲೂಬಹುದು.

ಕರ್ನಾಟಕದಲ್ಲಿ ಸಾಕ್ಷ್ಯಚಿತ್ರ ಮಾಡಿದವರಿಗೆ ಇವೆರಡೂ ದಾರಿಗಳು ಎದುರಾಗುವ ಜಾಗಗಳು ಬೇಕಾದಷ್ಟಿವೆ. ಇಳಕಲ್ಲಿನ ನೇಕಾರರ ಮನೆ ಅದರಲ್ಲೊಂದು. ಕುಣಿ ಮಗ್ಗವಿರುವ ಕೋಣೆಯಲ್ಲಿ ಮಗ್ಗವೇ ಮುಕ್ಕಾಲು ಜಾಗ ಹಿಡಿದಿರುತ್ತದೆ. ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟದಲ್ಲಿ ಕೂತಿರುತ್ತಾರೆ, ಆದ್ದರಿಂದ ಕ್ಯಾಮೆರಾದವನೂ ನೆಲಕ್ಕೇ ಕೂರಬೇಕು. ಅಂಥ ಒಂದು ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿಸಿ ಕೂತರೆ ನೇಕಾರರ ಮುಖಕ್ಕೂ ಕ್ಯಾಮೆರಾಕ್ಕೂ ಒಂದೂವರೆ ಮೀಟರ್ ಅಂತರ. ಬೆಳಕು ಒಂದು ಸಣ್ಣ ಕಿಟಕಿಯದು, ಮೇಲೊಂದು ಬಲ್ಬು. ದೀಪ ತಂದು ಹಚ್ಚಿದರೆ ಆ ಕೋಣೆ ಅದೇ ಕೋಣೆಯಾಗಿ ಉಳಿಯುವುದಿಲ್ಲ. ಸೆಕೆಗೆ ನೇಕಾರರು ಎದ್ದೇ ಹೋಗಬಹುದು.

ಅಲ್ಲಿ ಮಾಡಿದ ಲೆಕ್ಕ ಹೀಗಿತ್ತು. ಕ್ಯಾಮೆರಾ ಫುಲ್ ಫ್ರೇಮ್, ಅಂದರೆ ಸೆನ್ಸರಿನ ಅಗಲ 36 ಎಂಎಂ. ಇಲ್ಲಿನ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಬಲ್ಬು ಮಿಡಿಯದಿರಲೆಂದು ಶಟರನ್ನು 1/50ರಲ್ಲಿ ಇಟ್ಟದ್ದಾಯಿತು. ಅದಕ್ಕೆ ಸರಿಯಾದ ಎಕ್ಸ್‌ಪೋಶರ್ ಐಎಸ್‌ಒ 3200ರಲ್ಲಿ ಎಫ್ 1.4ಕ್ಕೆ ಸಿಕ್ಕಿತು. ಚೀಲದಲ್ಲಿದ್ದ 24-70 ಜೂಮ್ ಪೂರ್ತಿ ತೆರೆದರೂ ಎಫ್ 2.8. ಎರಡು ಸ್ಟಾಪ್ ಕಡಿಮೆ, ಅಂದರೆ ನಾಲ್ಕನೇ ಒಂದು ಪಾಲು ಬೆಳಕು. ಅದೇ ಚಿತ್ರ ಬೇಕೆಂದರೆ ಐಎಸ್‌ಒ 12800ಕ್ಕೆ ಏರಿಸಬೇಕು. ಆ ಕ್ಯಾಮೆರಾದಲ್ಲಿ ಅಷ್ಟಕ್ಕೆ ಹೋದರೆ ಗೋಡೆಯ ನೆರಳಿನಲ್ಲಿ ಬಣ್ಣದ ಕಾಳು ಕುಣಿಯುತ್ತಿದ್ದವು, ಇಳಕಲ್ ಸೀರೆಯ ದಾಳಿಂಬೆ ಕೆಂಪು ಮಂಕಾಗುತ್ತಿತ್ತು. ಸೀರೆಯ ಬಣ್ಣವೇ ವಿಷಯವಾಗಿರುವ ಚಿತ್ರದಲ್ಲಿ ಅದು ಒಪ್ಪುವ ಮಾತಲ್ಲ.

ಇಲ್ಲಿಯವರೆಗೆ ಬ್ಲಾಕ್ ಲೆನ್ಸ್ ಗೆದ್ದಂತೆ ಕಾಣುತ್ತದೆ. ಆದರೆ ಎಫ್ 1.4ನ್ನು ನಿಜವಾಗಿ ಬಳಸಲು ಹೋದಾಗ ಇನ್ನೊಂದು ಲೆಕ್ಕ ಎದುರಾಗುತ್ತದೆ. ಒಂದೂವರೆ ಮೀಟರ್ ದೂರದಲ್ಲಿ 50 ಎಂಎಂ ಲೆನ್ಸನ್ನು ಎಫ್ 1.4ಕ್ಕೆ ತೆರೆದರೆ ಸ್ಪಷ್ಟವಾಗಿ ಉಳಿಯುವ ಆಳ ಏಳೆಂಟು ಸೆಂಟಿಮೀಟರ್ ಮಾತ್ರ. ನೇಕಾರರು ಹಣಿಗೆಯನ್ನು ಎಳೆದು ಬಡಿಯುವಾಗಲೆಲ್ಲ ಅವರ ತಲೆ ಒಂದು ಗೇಣಿನಷ್ಟು ಹಿಂದೆ ಮುಂದೆ ಆಗುತ್ತದೆ. ಪ್ರತಿ ಬಡಿತಕ್ಕೂ ಮುಖ ಫೋಕಸ್ಸಿನಿಂದ ಹೊರಗೆ ಹೋಗಿ ಒಳಗೆ ಬರುತ್ತದೆ. ಫೋಕಸ್ ಪುಲ್ಲರ್ ಇಲ್ಲದ, ಎಲ್ಲವನ್ನೂ ತಾನೇ ಮಾಡುವ ಛಾಯಾಗ್ರಾಹಕನಿಗೆ ಇದನ್ನು ಬೆನ್ನಟ್ಟಲು ಆಗುವುದಿಲ್ಲ. ಕೊನೆಗೆ ಒಗ್ಗಿದ್ದು 35 ಎಂಎಂ ಲೆನ್ಸು, ಎಫ್ 2ರಲ್ಲಿ, ಐಎಸ್‌ಒ 6400ಕ್ಕೆ. ಅದೇ ದೂರದಲ್ಲಿ ಈಗ ಸ್ಪಷ್ಟತೆಯ ಆಳ ಸುಮಾರು 22 ಸೆಂಟಿಮೀಟರ್. ತಲೆಯ ಆಟ ಹೆಚ್ಚುಕಡಿಮೆ ಅದರೊಳಗೇ ನಡೆಯುತ್ತದೆ. ಚೌಕಟ್ಟಿನ ಅಗಲ ಒಂದೂವರೆ ಮೀಟರಿಗೆ ತುಸು ಹೆಚ್ಚು, ಅಂದರೆ ನೇಕಾರರ ಮೈ, ಎರಡೂ ಕೈ, ನೆಯ್ದ ಬಟ್ಟೆಯ ಅಂಚು.

ಹಾಗಾದರೆ ಜೂಮಿಗಿಂತ ಸಿಕ್ಕಿದ ಲಾಭ ಎರಡು ಸ್ಟಾಪ್ ಅಲ್ಲ, ಒಂದೇ ಸ್ಟಾಪ್. ಲೆನ್ಸಿನ ಮೇಲೆ ಬರೆದ ಎಫ್ ಸಂಖ್ಯೆ ನೋಡಿ ಮರುಳಾಗುವವರಿಗೆ ಇದು ಗೊತ್ತಿರಬೇಕು: ಸಾಕ್ಷ್ಯಚಿತ್ರದಲ್ಲಿ ಪೂರ್ತಿ ತೆರೆದ ಬ್ಲಾಕ್ ಲೆನ್ಸು ಅಲುಗದ ವಸ್ತುವಿಗೆ, ಅಥವಾ ಅಗಲ ಕೋನಕ್ಕೆ ಮಾತ್ರ ನಿಜವಾಗಿ ಒದಗುತ್ತದೆ. ಉಳಿದ ಲಾಭ ಗಾತ್ರದ್ದು. ಸಣ್ಣ ಲೆನ್ಸಿದ್ದಾಗ ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿಕೊಂಡು ಮಗ್ಗದ ಕಂಬದ ಸಂದಿನಲ್ಲಿ ತೂರಿಸಬಹುದು. ಕೈಗಳ ಶಾಟಿಗೆ 70 ಸೆಂಟಿಮೀಟರಿನವರೆಗೆ ಹತ್ತಿರ ಹೋದಾಗ ಮಗ್ಗದಿಂದ ಬಂದ ಮಾತು, “ಇಷ್ಟ್ ಸನೇಕ ಬಂದ್ರ ಹಣಿಗಿ ಬಡದೀತ್ರಿ, ಸರ.” ಬಡಿಯಲಿಲ್ಲ, ಆದರೆ ಆ ಎಚ್ಚರಿಕೆಯೊಡನೆ ಮಾತುಕತೆ ಶುರುವಾಯಿತು. ಮೂಲೆಯಲ್ಲಿ ಟ್ರೈಪಾಡ್ ಇಟ್ಟು ಜೂಮ್ ಮಾಡುತ್ತಿದ್ದರೆ ಅದು ಬರುತ್ತಿತ್ತೇ ಎಂಬುದು ಅನುಮಾನ.

ಹತ್ತಿರ ಹೋಗಿ ತೆಗೆದ ಶಾಟಿನ ಬೆಲೆ ಎಡಿಟಿಂಗ್‌ನಲ್ಲಿ ತಿಳಿಯುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಸೆರಗಿನ ಹಾಸು ಬೇರೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿಯ ಕೆಲಸವನ್ನು ಒಂದೇ ಜಾಗದಲ್ಲಿ ಕೂತು ಜೂಮಿನಲ್ಲಿ ವೈಡ್, ಮಿಡ್, ಕ್ಲೋಸ್ ಎಂದು ತೆಗೆದರೆ ಮೂರೂ ಶಾಟುಗಳಲ್ಲಿ ಕೋನ ಒಂದೇ. ಒಂದರ ಪಕ್ಕ ಒಂದನ್ನು ಜೋಡಿಸಿದಾಗ ಚಿತ್ರ ಹಿಗ್ಗಿದಂತೆ, ಎಗರಿದಂತೆ ಕಾಣುತ್ತದೆ. ನಡುವೆ ಬೇರೆ ಏನಾದರೂ ತುರುಕಲೇಬೇಕು. ಬ್ಲಾಕ್ ಲೆನ್ಸಿನವನು ಗಾತ್ರ ಬದಲಾಯಿಸಬೇಕಾದರೆ ಜಾಗವನ್ನೇ ಬದಲಾಯಿಸುತ್ತಾನೆ. ಜಾಗ ಬದಲಾದರೆ ಹಿನ್ನೆಲೆ ಬದಲಾಗುತ್ತದೆ, ಎಳೆಗಳು ಓಡುವ ದಿಕ್ಕು ಬದಲಾಗುತ್ತದೆ, ಕಟ್ ತಾನಾಗಿ ಕೂತುಕೊಳ್ಳುತ್ತದೆ. ಜೂಮ್ ಇಟ್ಟುಕೊಂಡೂ ಇದನ್ನು ಮಾಡಬಹುದು, ಉಂಗುರವನ್ನು ಮುಟ್ಟದೆ ನಡೆಯುವ ಶಿಸ್ತಿದ್ದರೆ. ಬಹಳ ಜನರಲ್ಲಿ ಆ ಶಿಸ್ತು ಸಂಜೆಯ ಹೊತ್ತಿಗೆ ಸಡಿಲವಾಗುತ್ತದೆ.

ಈ ಎಲ್ಲ ಮಾತೂ ಕಂಬಳದ ಕರೆಯ ಬಳಿ ನಿಂತಾಗ ತಲೆಕೆಳಗಾಗುತ್ತದೆ. ಕೆಸರುನೀರಿನ ಕರೆಯ ಉದ್ದ ಸುಮಾರು 140 ಮೀಟರ್. ಗಂತಿನಲ್ಲಿ ಬಿಟ್ಟ ಕೋಣಗಳು ಮಂಜೊಟ್ಟಿ ಮುಟ್ಟಲು ಹದಿಮೂರು ಹದಿನಾಲ್ಕು ಸೆಕೆಂಡು. ಮಂಜೊಟ್ಟಿಯ ಬದಿಯಲ್ಲಿ ಒಂದು ಮಾಳಿಗೆಯ ಮೇಲೆ ಕ್ಯಾಮೆರಾಕ್ಕೆ ಜಾಗ ಸಿಕ್ಕರೆ ಅದೇ ಭಾಗ್ಯ. ಅಲ್ಲಿಂದ ಒಂದು ಹೆಜ್ಜೆ ಆಚೀಚೆ ಇಡುವಂತಿಲ್ಲ. ಹತ್ತಿರ ಹೋಗುತ್ತೇನೆಂದು ಕರೆಗೆ ಇಳಿಯುವ ಮಾತಂತೂ ಇಲ್ಲವೇ ಇಲ್ಲ. ಇಲ್ಲಿ ಬ್ಲಾಕ್ ಲೆನ್ಸ್ ಹಾಕಿಕೊಂಡವನಿಗೆ ಓಟದ ಯಾವುದೋ ಒಂದು ಎರಡು ಸೆಕೆಂಡು ಮಾತ್ರ ಸಿಗುತ್ತದೆ.

ಬೀಟಾಕ್ಯಾಮ್ ಕಾಲದ ಟಿವಿ ಕ್ಯಾಮೆರಾಗಳು ಇಂಥ ಜಾಗಕ್ಕೆ ಹೇಳಿ ಮಾಡಿಸಿದಂತಿದ್ದವು. ಅವುಗಳ ಸೆನ್ಸರ್ ಸಣ್ಣದು, 2/3 ಇಂಚಿನ ಚಿಪ್ಪು. ಹಾಗಾಗಿಯೇ 8ರಿಂದ 140 ಎಂಎಂವರೆಗೆ, ಹದಿನೇಳು ಹದಿನೆಂಟು ಪಟ್ಟು ವ್ಯಾಪ್ತಿಯ ಜೂಮನ್ನು ಹೆಗಲ ಮೇಲೆ ಹೊರುವಷ್ಟು ಗಾತ್ರದಲ್ಲಿ ಮಾಡಲು ಆಗುತ್ತಿತ್ತು. ಈಗಿನ ಅಗಲ ಚಿತ್ರದ 2/3 ಇಂಚಿನ ಸೆನ್ಸರ್ ಲೆಕ್ಕದಲ್ಲಿ ಹೇಳಿದರೆ, 140 ಎಂಎಂಗೆ ಎಳೆದಾಗ ಗಂತಿನಲ್ಲಿ ಕಾಣುವ ಅಗಲ ಹತ್ತು ಮೀಟರಿಗಿಂತ ಕಡಿಮೆ. ಕೋಣಗಳೂ ಓಡಿಸುವವನೂ ಚೆನ್ನಾಗಿ ಕೂರುತ್ತಾರೆ. ಕೋಣಗಳು ಹತ್ತು ಮೀಟರ್ ಹತ್ತಿರ ಬಂದಾಗ 8 ಎಂಎಂಗೆ ಬಿಟ್ಟರೆ ಕಾಣುವ ಅಗಲ ಹನ್ನೆರಡು ಮೀಟರ್. ಅಂದರೆ ಉಂಗುರ ಒಂದು ತುದಿಯಿಂದ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಓಟ ಮುಗಿಯುತ್ತದೆ, ಕೋಣಗಳ ಗಾತ್ರ ತೆರೆಯ ಮೇಲೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಲಗೈ ಬೆರಳು ಜೂಮಿನ ರಾಕರ್ ಮೇಲೆ, ಎಡಗೈ ಫೋಕಸ್ಸಿನ ಮೇಲೆ. ಅದೇ ಜಾಗದಲ್ಲಿ ಫುಲ್ ಫ್ರೇಮ್ ಕ್ಯಾಮೆರಾಕ್ಕೆ 70-200 ಹಾಕಿಕೊಂಡವರಿಗೆ 200ರಲ್ಲೂ ಗಂತಿನ ಬಳಿ 25 ಮೀಟರ್ ಅಗಲ ಕಾಣುತ್ತದೆ, ಕೋಣ ಇರುವೆ. ದೊಡ್ಡ ಸೆನ್ಸರ್ ಎಂದು ಬೀಗುವಾಗ ಕಳೆದುಕೊಂಡದ್ದರಲ್ಲಿ ಇದೂ ಒಂದು.

ಜೂಮುಗಳಿಗೆ ಅವುಗಳದೇ ರೋಗಗಳಿವೆ, ಹೆಸರಾಂತ ಲೆನ್ಸುಗಳಿಗೂ ಬಿಟ್ಟಿದ್ದಲ್ಲ. ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಬ್ಯಾಕ್ ಫೋಕಸ್. ಸಿನಿಮಾ ಜೂಮು, ಟಿವಿ ಜೂಮುಗಳ ದೊಡ್ಡ ಗುಣವೆಂದರೆ ಒಮ್ಮೆ ಫೋಕಸ್ ಮಾಡಿದರೆ ಯಾವ ಫೋಕಲ್ ಲೆಂಗ್ತಿಗೆ ಹೋದರೂ ಅದು ಉಳಿಯುವುದು. ಅದಕ್ಕೇ ಹಳಬರು ಮೊದಲು ಪೂರ್ತಿ ಒಳಗೆ ಹೋಗಿ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಹೊರಗೆ ಬಂದು ಶಾಟ್ ಶುರು ಮಾಡುತ್ತಿದ್ದರು. ಲೆನ್ಸಿನ ಹಿಂಭಾಗಕ್ಕೂ ಸೆನ್ಸರಿಗೂ ಇರಬೇಕಾದ ಅಂತರ ಕೂದಲೆಳೆಯಷ್ಟು ತಪ್ಪಿದರೂ ಈ ಗುಣ ಕೈಕೊಡುತ್ತದೆ. ಗುರುತು ಸುಲಭ: ಕ್ಲೋಸಿನಲ್ಲಿ ಚೂಪಾಗಿರುವ ಮುಖ ವೈಡಿಗೆ ಬಂದಾಗ ಮೆತ್ತಗಾಗುತ್ತದೆ. ಸಣ್ಣ ವ್ಯೂಫೈಂಡರಿನಲ್ಲಿ ವೈಡ್ ಶಾಟ್ ಯಾವಾಗಲೂ ಚೂಪಾಗಿಯೇ ಕಾಣುವುದರಿಂದ ಮೋಸ ಹೋಗುವವರೇ ಹೆಚ್ಚು. ದೊಡ್ಡ ಮಾನಿಟರಿನಲ್ಲಿ ನೋಡಿದಾಗ ಇಡೀ ದಿನದ ವೈಡ್ ಶಾಟುಗಳು ಮಂಜು ಮಂಜು. ಬೆಂಗಳೂರಿನಲ್ಲಿ ಸರಿ ಮಾಡಿಕೊಂಡು ಹೊರಟ ಲೆನ್ಸು ಘಾಟಿಯ ಕುಲುಕಾಟದಲ್ಲಿ, ಕರಾವಳಿಯ ಸೆಕೆಯಲ್ಲಿ ಮತ್ತೆ ತಪ್ಪುವುದು ಅಪರೂಪವಲ್ಲ.

ಸರಿಪಡಿಸುವುದಕ್ಕೆ ಬೇಕಾದದ್ದು ಕಿರಣಗಳ ಚಿತ್ರವಿರುವ ಒಂದು ಕಾರ್ಡು, ಅದಿಲ್ಲದಿದ್ದರೆ ಸಣ್ಣಕ್ಷರದ ವರ್ತಮಾನಪತ್ರಿಕೆಯೂ ಆದೀತು. ಅದನ್ನು ಎರಡು ಮೂರು ಮೀಟರ್ ದೂರದ ಗೋಡೆಗೆ ಅಂಟಿಸಿ ಅಪರ್ಚರನ್ನು ಪೂರ್ತಿ ತೆರೆಯಬೇಕು. ಬಿಸಿಲಿದ್ದರೆ ಎನ್‌ಡಿ ಫಿಲ್ಟರ್ ಹಾಕಿಯಾದರೂ ತೆರೆಯಬೇಕು, ಇಲ್ಲವಾದರೆ ತಪ್ಪು ಕಾಣುವುದೇ ಇಲ್ಲ. ಪೂರ್ತಿ ಒಳಗೆ ಹೋಗಿ ಮುಂದಿನ ಫೋಕಸ್ ಉಂಗುರದಿಂದ ಚೂಪು ಮಾಡುವುದು, ಪೂರ್ತಿ ಹೊರಗೆ ಬಂದು ಹಿಂದಿನ ಬ್ಯಾಕ್ ಫೋಕಸ್ ಉಂಗುರದಿಂದ ಚೂಪು ಮಾಡುವುದು. ಎರಡೂ ತುದಿಯಲ್ಲಿ ಅಲುಗದೆ ನಿಲ್ಲುವವರೆಗೆ ಹೀಗೆ ಮಾಡಿ ತಿರುಪು ಬಿಗಿಯಬೇಕು. ಬ್ಲಾಕ್ ಲೆನ್ಸಿಗೆ ಈ ತಾಪತ್ರಯವಿಲ್ಲ. ಅಂತರ ತುಸು ತಪ್ಪಿದರೂ ಕಣ್ಣಲ್ಲಿ ನೋಡಿ ಫೋಕಸ್ ಮಾಡಿದರೆ ಆಯಿತು. ಉಂಗುರದ ಮೇಲೆ ಬರೆದ ಅಡಿಗಳ ಗುರುತು ಮಾತ್ರ ಸುಳ್ಳು ಹೇಳುತ್ತದೆ.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಸ್ಟಿಲ್ ಕ್ಯಾಮೆರಾದ ಲೆನ್ಸುಗಳೇ ಸಾಕ್ಷ್ಯಚಿತ್ರದ ಚೀಲ ತುಂಬಿದವು. ಆ ಜೂಮುಗಳಲ್ಲಿ ಹೆಚ್ಚಿನವು ಫೋಕಸ್ಸನ್ನು ಹಿಡಿದಿಡುವುದಿಲ್ಲ, ಹಿಡಿದಿಡಲೆಂದು ಮಾಡಿದವೂ ಅಲ್ಲ. ಫೋಟೋ ತೆಗೆಯುವವರು ಪ್ರತಿ ಸಲ ಹೊಸದಾಗಿ ಫೋಕಸ್ ಮಾಡುತ್ತಾರೆ ಎಂಬ ಲೆಕ್ಕದಲ್ಲಿ ಮಾಡಿದವು. ಅವುಗಳಲ್ಲಿ ಒಳಗೆ ಹೋಗಿ ಫೋಕಸ್ ಮಾಡಿ ಹೊರಗೆ ಬರುವ ಹಳೆಯ ಅಭ್ಯಾಸವೇ ಮುಳುವಾಯಿತು. ಬ್ಯಾಕ್ ಫೋಕಸ್ ಉಂಗುರವೂ ಇಲ್ಲದ್ದರಿಂದ ರಿಪೇರಿಯ ಮಾತೂ ಇಲ್ಲ. ಅಗ್ಗದ ಜೂಮುಗಳಲ್ಲಿ ಇನ್ನೊಂದು ಕಷ್ಟ: 3.5-5.6 ಎಂದು ಬರೆದಿದ್ದರೆ ಒಳಗೆ ಹೋಗುತ್ತಿದ್ದಂತೆ ಒಂದು ಸ್ಟಾಪಿಗಿಂತ ಹೆಚ್ಚು ಬೆಳಕು ಹೋಗುತ್ತದೆ, ಓಡುತ್ತಿರುವ ಶಾಟಿನೊಳಗೇ ಚಿತ್ರ ಮಂಕಾಗುತ್ತದೆ. ಟಿವಿ ಜೂಮುಗಳೂ ಕೊನೆಯ ತುದಿಯಲ್ಲಿ ತುಸು ಮಂಕಾಗುತ್ತವೆ. ರಾತ್ರಿ ಫ್ಲಡ್‌ಲೈಟಿನಲ್ಲಿ ಕಂಬಳ ತೆಗೆದವರಿಗೆ ಗಂತಿನ ಕಡೆ ಕತ್ತಲು ಕಂಡದ್ದು ದೀಪದ ತಪ್ಪಿನಿಂದಲೇ ಅಲ್ಲ. ದೂರ ಇನ್ನೂ ಸಾಲದೆಂದು 2ಎಕ್ಸ್ ಎಕ್ಸ್‌ಟೆಂಡರ್ ಒತ್ತಿದರೆ ಮತ್ತೆ ಎರಡು ಸ್ಟಾಪ್ ಹೋಯಿತು.

ಕುಳ್ಳಿರಿಸಿ ಮಾತಾಡಿಸುವ ಸಂದರ್ಶನಕ್ಕೆ ಬಹಳ ಜನ ಅಭ್ಯಾಸಬಲದಿಂದ ಬ್ಲಾಕ್ ಲೆನ್ಸ್ ಹಾಕುತ್ತಾರೆ, ಹಿನ್ನೆಲೆ ಕರಗಿ ಚೆಂದ ಕಾಣುತ್ತದೆ ಎಂದು. ಆದರೆ ಜೂಮಿಗೆ ನಿಜವಾದ ಬೆಲೆ ಬರುವ ಜಾಗಗಳಲ್ಲಿ ಅದೂ ಒಂದು. ಕ್ಯಾಮೆರಾ ಟ್ರೈಪಾಡಿನ ಮೇಲಿದೆ, ಮಾತು ಒಂದು ಗಂಟೆ ನಡೆಯಬಹುದು, ನಡುವೆ ಎದ್ದು ಹೋಗಿ ಲೆನ್ಸ್ ಬದಲಾಯಿಸಿದರೆ ಮಾತಿನ ಓಟ ನಿಲ್ಲುತ್ತದೆ. ಹಳಬರ ಪದ್ಧತಿಯೆಂದರೆ ಪ್ರಶ್ನೆ ಕೇಳುವಾಗ ಗಾತ್ರ ಬದಲಾಯಿಸುವುದು, ಉತ್ತರ ಶುರುವಾದ ಮೇಲೆ ಉಂಗುರ ಮುಟ್ಟದಿರುವುದು. ಹೇಗೂ ಪ್ರಶ್ನೆ ಚಿತ್ರದಲ್ಲಿ ಉಳಿಯುವುದಿಲ್ಲ. ಹೀಗೆ ತೆಗೆದರೆ ಒಂದೊಂದು ಉತ್ತರ ಒಂದೊಂದು ಗಾತ್ರದಲ್ಲಿ ಬರುತ್ತದೆ, ಎಡಿಟಿಂಗ್‌ನಲ್ಲಿ ನಡುವಿನ ಮಾತನ್ನು ತೆಗೆದು ಎರಡು ಉತ್ತರಗಳನ್ನು ಹೊಲಿಯುವಾಗ ಆ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ. ಒಂದೇ ಕೋನದಿಂದ ಗಾತ್ರ ಬದಲಾಯಿಸಿದರೆ ಕಟ್ ಎಗರುತ್ತದೆ ಎಂಬ ಮಾತು ಮೇಲೆ ಬಂದಿತ್ತು. ಅದು ಕೆಲಸ ಮಾಡುವ ಕೈಗಳಿಗೆ ಅನ್ವಯಿಸುವಷ್ಟು ಮಾತಾಡುವ ಮುಖಕ್ಕೆ ಅನ್ವಯಿಸುವುದಿಲ್ಲ: ಗಾತ್ರದ ವ್ಯತ್ಯಾಸ ದೊಡ್ಡದಿದ್ದರೆ, ಉದಾಹರಣೆಗೆ ಸೊಂಟದಿಂದ ಮೇಲಿನದೊಂದು, ಭುಜದಿಂದ ಮೇಲಿನದೊಂದು ಇದ್ದರೆ, ನೋಡುವವರು ಅದನ್ನು ಹೊಸ ವಾಕ್ಯ ಶುರುವಾದಂತೆ ತೆಗೆದುಕೊಳ್ಳುತ್ತಾರೆ. ಸ್ವಲ್ಪವೇ ಒಳಗೆ ಹೋಗಿದ್ದರೆ ಮಾತ್ರ ತಪ್ಪಾದಂತೆ ಕಾಣುತ್ತದೆ.

ಒಬ್ಬರೇ ಹೊರಡುವ ಈಗಿನ ದಿನಗಳಲ್ಲಿ ಚೀಲಗಳು ಹೆಚ್ಚುಕಡಿಮೆ ಒಂದೇ ತೆರನಾಗಿವೆ. ಕ್ಯಾಮೆರಾಕ್ಕೆ 24-70 ಅಥವಾ 24-105 ಸದಾ ಹಾಕಿಯೇ ಇರುತ್ತದೆ, ಏಕೆಂದರೆ ಊರಿಗೆ ಕಾಲಿಟ್ಟ ಕ್ಷಣ ಏನು ನಡೆಯುತ್ತದೋ ಯಾರಿಗೂ ಗೊತ್ತಿಲ್ಲ. ಜೊತೆಗೆ ಒಂದು 35 ಎಂಎಂ ಬ್ಲಾಕ್, ಬೆಳಕು ಕಡಿಮೆಯಿರುವ ಒಳಮನೆಗೆ. ಬದಲಾಯಿಸುವುದಾದರೆ ಬಾಗಿಲ ಹೊರಗೇ ಬದಲಾಯಿಸಿಕೊಂಡು ಒಳಗೆ ಹೋಗಬೇಕು. ಮಗ್ಗದ ಮನೆಯಲ್ಲಿ ಹತ್ತಿಯ ಧೂಳು ಗಾಳಿಯಲ್ಲೇ ಇರುತ್ತದೆ, ಸೆನ್ಸರಿನ ಮೇಲೆ ಕೂತ ಒಂದು ಎಳೆ ಅಪರ್ಚರ್ ಮುಚ್ಚಿ ತೆಗೆದ ಪ್ರತಿಯೊಂದು ಹೊರಾಂಗಣ ಶಾಟಿನ ಆಕಾಶದಲ್ಲೂ ಕಾಣಿಸಿಕೊಳ್ಳುತ್ತದೆ.

ಹೊಸ ಕ್ಯಾಮೆರಾಗಳು ಬ್ಲಾಕ್ ಲೆನ್ಸಿಗೆ ಒಂದು ಅರೆ ಜೂಮನ್ನೂ ಕೊಟ್ಟಿವೆ. 6ಕೆ ಸೆನ್ಸರಿನ ನಡುಭಾಗವನ್ನು ಮಾತ್ರ ಬಳಸುವ ಸೂಪರ್ 35 ಮೋಡ್ ಒತ್ತಿದರೆ 35 ಎಂಎಂ ಲೆನ್ಸು 52 ಎಂಎಂನಂತೆ ಕಾಣುತ್ತದೆ, ಚಿತ್ರ 4ಕೆಯಲ್ಲೇ ಉಳಿಯುತ್ತದೆ. ಇದಕ್ಕೂ ತೆರಬೇಕಾದದ್ದಿದೆ. ಸೆನ್ಸರಿನ ಸಣ್ಣ ಭಾಗವನ್ನು ಹಿಗ್ಗಿಸಿ ತೋರಿಸುವುದರಿಂದ ಕಾಳು ಒಂದು ಸ್ಟಾಪಿಗಿಂತ ಹೆಚ್ಚು ಏರಿಸಿದಷ್ಟು ಎದ್ದು ಕಾಣುತ್ತದೆ, ಇಳಕಲ್ಲಿನ ಕೋಣೆಯಲ್ಲಿ ಎಫ್ 2ರಿಂದ ಸಿಕ್ಕಿದ್ದ ಲಾಭ ಅಲ್ಲಿಗೆ ಖರ್ಚಾಗುತ್ತದೆ. ಮುಖ ದೊಡ್ಡದಾದರೂ ಮುಖಕ್ಕೂ ಹಿಂದಿನ ಗೋಡೆಗೂ ಇರುವ ಅನುಪಾತ ಹಾಗೆಯೇ ಇರುತ್ತದೆ, ಏಕೆಂದರೆ ಕ್ಯಾಮೆರಾ ಇದ್ದಲ್ಲೇ ಇದೆ.